ಒಂದೇ ಮನೆಯ ಗೆಳೆಯರು, ಒಂದು ಫ್ಯಾಮಿಲಿ ಪ್ಲ್ಯಾನ್: ಸೇರುವ ಮೊದಲ ದಿನದಿಂದ ಯಾರಾದರೂ ಮನೆ ಬಿಡುವ ದಿನದವರೆಗೆ

ಒಂದು ವಿಚಿತ್ರ ನೋಡಿ. ಬೇರೆ ಊರಿನಲ್ಲಿರುವ ಒಡಹುಟ್ಟಿದ ತಮ್ಮನನ್ನು, ಹಾಡು ವಿಡಿಯೋಗಳಂಥ ಆನ್‌ಲೈನ್ ಸೇವೆಯನ್ನು ಒಂದೇ ಬಿಲ್‌ನಲ್ಲಿ ಹಲವರು ಬಳಸುವ ಫ್ಯಾಮಿಲಿ ಪ್ಲ್ಯಾನ್‌ಗೆ ಸೇರಿಸಿದರೆ ಹಲವು ಸೇವೆಗಳಲ್ಲಿ ಅದು ನಿಯಮ ಮುರಿದಂತೆ. ಪಕ್ಕದ ರೂಮಿನಲ್ಲಿ ಮಲಗುವ, ಯಾವ ಸಂಬಂಧವೂ ಇಲ್ಲದ ಗೆಳೆಯನನ್ನು ಸೇರಿಸಿದರೆ ಹಲವು ಕಡೆ ತಕರಾರೇ ಇಲ್ಲ. ಪ್ಲ್ಯಾನ್‌ನ ಹೆಸರಿನಲ್ಲಿ ಫ್ಯಾಮಿಲಿ ಅಂತ ಇದ್ದರೂ ಸೇವೆಗಳು ನಿಜಕ್ಕೂ ಪರೀಕ್ಷೆ ಮಾಡುವುದು ರಕ್ತಸಂಬಂಧವನ್ನಲ್ಲ, ಮನೆಬಾಗಿಲನ್ನು.

ಹಾಗಾಗಿ ಒಂದೇ ಮನೆಯಲ್ಲಿ ಬಾಡಿಗೆಗಿರುವ ಗೆಳೆಯರನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಂಚಿಕೊಳ್ಳಲು ದಾರಿ ಇರುವುದು ಅವರಿಗೇ. ಬೇರೆ ಬೇರೆ ಮನೆಯಲ್ಲಿರುವ ಗೆಳೆಯರಿಗೆ ಏನು ಮಾಡಬಹುದು ಅಂತ ನಡುವೆ ಹೇಳುತ್ತೇನೆ. ಅದು ಸಣ್ಣ ಪಟ್ಟಿ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಯಮದಲ್ಲಿ ಎರಡು ಪದ ಹುಡುಕಿ

ಸೇವೆಯ ನಿಯಮಗಳ ಪುಟ ತೆರೆಯಿರಿ. ಪೂರ್ತಿ ಓದಬೇಕಾಗಿಲ್ಲ. household ಮತ್ತು address ಅಂತ ಹುಡುಕಿ, ಸಿಕ್ಕ ಸಾಲಿನ ಹಿಂದೆ ಮುಂದೆ ಎರಡು ಸಾಲು ಓದಿ. ಅಲ್ಲಿ ಮೂರರಲ್ಲಿ ಒಂದು ಸಿಗುತ್ತದೆ.

ಒಂದು, "ಒಂದೇ ಮನೆಯಲ್ಲಿ ವಾಸಿಸುವವರು" ಅಂತಷ್ಟೇ ಇರುತ್ತದೆ. ನೆಟ್‌ಫ್ಲಿಕ್ಸ್ ಈ ಗುಂಪಿನದು. ಅದರ ಲೆಕ್ಕದಲ್ಲಿ ಹೌಸ್‌ಹೋಲ್ಡ್ ಅಂದರೆ ನೀವು ಮುಖ್ಯವಾಗಿ ನೆಟ್‌ಫ್ಲಿಕ್ಸ್ ನೋಡುವ ಜಾಗದಲ್ಲಿ ಇಂಟರ್ನೆಟ್‌ಗೆ ಸೇರಿರುವ ಸಾಧನಗಳು. ನೀವು ಅಣ್ಣತಮ್ಮಂದಿರಾ, ರೂಮ್‌ಮೇಟ್‌ಗಳಾ ಅನ್ನುವುದು ಅದಕ್ಕೆ ಬೇಕಿಲ್ಲ.

ಎರಡು, "ಒಂದೇ ವಿಳಾಸದಲ್ಲಿರುವ ಕುಟುಂಬದ ಸದಸ್ಯರು" ಅಂತ ಎರಡನ್ನೂ ಸೇರಿಸಿ ಬರೆದಿರುತ್ತಾರೆ. ಸಂಗೀತ ಸೇವೆಗಳ ಫ್ಯಾಮಿಲಿ ಪ್ಲ್ಯಾನ್‌ಗಳಲ್ಲಿ ಇಂಥ ಭಾಷೆ ಕಾಣಸಿಗುತ್ತದೆ. ಸ್ಪಾಟಿಫೈ ಫ್ಯಾಮಿಲಿಯಲ್ಲಿ ಒಟ್ಟು 6 ಖಾತೆ, ಸೇರುವಾಗ ಎಲ್ಲರೂ ವಿಳಾಸ ಕೊಡಬೇಕು, ಮುಂದೆ ಯಾವಾಗ ಬೇಕಾದರೂ ಮತ್ತೆ ಕೇಳುವ ಹಕ್ಕು ಅವರಿಗಿದೆ. ಇಲ್ಲಿ ಪರೀಕ್ಷೆ ಆಗುವುದು ವಿಳಾಸ ಮಾತ್ರ. ಆದರೆ "ಕುಟುಂಬ" ಎಂಬ ಪದ ನಿಯಮದಲ್ಲಿದ್ದರೆ ಅದು ಇದೆ ಅಂತಲೇ ಅರ್ಥ. ನಾಳೆ ಅವರು ಅದನ್ನು ಹಿಡಿದು ಮಾತಾಡಿದರೆ ವಾದ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಮೂರು, ಮನೆಯ ಮಾತೇ ಇರುವುದಿಲ್ಲ, ಎಷ್ಟು ಜನ ಅನ್ನುವುದು ಮಾತ್ರ ಇರುತ್ತದೆ. ಪಾಸ್‌ವರ್ಡ್ ಮ್ಯಾನೇಜರ್‌ಗಳಂಥ ಕೆಲಸದ ಸಾಫ್ಟ್‌ವೇರ್‌ಗಳಲ್ಲಿ ಇದು ಸಿಗಬಹುದು. ಬೇರೆ ಬೇರೆ ಮನೆಯ ಗೆಳೆಯರು ಸೇರಬಹುದಾದ ಜಾಗ ಇದೇ.

ಯೂಟ್ಯೂಬ್ ಪ್ರೀಮಿಯಂ ಬಗ್ಗೆ ಬೇರೆಯಾಗಿ ಹೇಳಬೇಕು. ಅಲ್ಲಿ ಪ್ಲ್ಯಾನ್ ತೆಗೆದುಕೊಂಡು ಉಳಿದವರನ್ನು ಸೇರಿಸುವ ಮ್ಯಾನೇಜರ್ ಜೊತೆ 5 ಜನ ಸೇರಬಹುದು, ಎಲ್ಲರೂ ಮ್ಯಾನೇಜರ್ ಇರುವ ಮನೆಯಲ್ಲೇ ಇರಬೇಕು. ಪ್ರತಿ 30 ದಿನಕ್ಕೊಮ್ಮೆ ತಾನಾಗಿಯೇ ಒಂದು ಪರಿಶೀಲನೆ ನಡೆಯುತ್ತದೆ ಅಂತ ಅವರ ಸಹಾಯ ಪುಟದಲ್ಲೇ ಬರೆದಿದೆ. ಈ ನಿಯಮ ಹಳೆಯದು, ಬಹಳ ಕಾಲ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2025ರಲ್ಲಿ ಕೆಲವು ಸದಸ್ಯರಿಗೆ "ನೀವು ಅದೇ ಮನೆಯಲ್ಲಿ ಇದ್ದಂತೆ ಕಾಣುತ್ತಿಲ್ಲ, 14 ದಿನದಲ್ಲಿ ಸದಸ್ಯತ್ವ ನಿಲ್ಲುತ್ತದೆ" ಅನ್ನುವ ಅರ್ಥದ ಇಮೇಲ್‌ಗಳು ಬರತೊಡಗಿದವು. ಇಷ್ಟು ವರ್ಷ ನಡೆದಿದೆ, ಇನ್ನೂ ನಡೆಯುತ್ತದೆ ಅನ್ನುವ ಧೈರ್ಯಕ್ಕೆ ಅರ್ಥವಿಲ್ಲ. ನೆಟ್‌ಫ್ಲಿಕ್ಸ್ 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಅಂತ ಟ್ವೀಟ್ ಮಾಡಿತ್ತು. 2023ರಲ್ಲಿ ಮನೆಯ ಹೊರಗಿನವರಿಗೆ ಬಾಗಿಲು ಹಾಕಿತು.

ಲೆಕ್ಕ: ಎಷ್ಟು ಜನ ಇದ್ದರೆ ಲಾಭ?

ಎಲ್ಲರೂ ಮಾಡುವ ತಪ್ಪು ಪ್ಲ್ಯಾನ್‌ನ ಬೆಲೆಯನ್ನು 6ರಿಂದ ಭಾಗಿಸುವುದು. ಮನೆಯಲ್ಲಿ 6 ಜನ ಇರುವುದಿಲ್ಲ, ಇದ್ದರೂ ವರ್ಷವಿಡೀ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಜನಕ್ಕೆ ಇಳಿದರೆ ನಷ್ಟ ಶುರು?

ಫ್ಯಾಮಿಲಿ ಪ್ಲ್ಯಾನ್‌ನ ಬೆಲೆಯನ್ನು ಒಬ್ಬರ ಪ್ಲ್ಯಾನ್‌ನ ಬೆಲೆಯಿಂದ ಭಾಗಿಸಿ, ಬಂದದ್ದನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಉದಾಹರಣೆಗೆ ತಿಂಗಳಿಗೆ ಫ್ಯಾಮಿಲಿ 600, ಒಬ್ಬರದ್ದು 240 ಅಂದುಕೊಳ್ಳಿ. 600 ಭಾಗ 240 ಅಂದರೆ 2.5. ಮೇಲಕ್ಕೆ ಏರಿಸಿದರೆ 3. ಮೂರು ಜನ ಇರುವವರೆಗೆ ತಲೆಗೆ 200, ಲಾಭ. ಎರಡೇ ಜನ ಉಳಿದರೆ ತಲೆಗೆ 300, ಅದಕ್ಕಿಂತ ಬೇರೆ ಬೇರೆಯಾಗಿ ಕಟ್ಟುವುದೇ ವಾಸಿ.

ನಾವು ನಾಲ್ಕು ಜನ ಶುರು ಮಾಡಿದಾಗ ಲೆಕ್ಕ ಹೀಗೇ ಇತ್ತು: ತಲೆಗೆ 150, ಒಬ್ಬ ಹೋದರೂ ತಡೆಯುತ್ತದೆ, ಇಬ್ಬರು ಹೋದರೆ ಮುಚ್ಚುವುದು. ಈ "ಇಬ್ಬರು ಹೋದರೆ" ಅನ್ನುವುದನ್ನು ಮೊದಲ ದಿನವೇ ನಮ್ಮ ಚಾಟ್ ಗ್ರೂಪಿನಲ್ಲಿ ಬರೆದಿಟ್ಟೆವು. ಅದೊಂದೇ ಸಾಲು ಮುಂದೆ ಒಂದು ದೊಡ್ಡ ಜಗಳ ತಪ್ಪಿಸಿತು. ಅದು ಆಮೇಲೆ.

ನಿಮ್ಮಲ್ಲಿ ಯಾರಾದರೂ ವಿದ್ಯಾರ್ಥಿ ಇದ್ದರೆ ಸ್ಟೂಡೆಂಟ್ ಪ್ಲ್ಯಾನ್‌ನ ಬೆಲೆಯನ್ನೂ ನೋಡಿ. ಕೆಲವೊಮ್ಮೆ ಅದು ನಿಮ್ಮ ತಲೆಗೊಂದು ಪಾಲಿಗಿಂತ ಕಡಿಮೆ ಇರುತ್ತದೆ. ಅಂಥವರನ್ನು ಸುಮ್ನೆ ಎಳೆದು ತರಬೇಡಿ.

ವರ್ಷದ ಪ್ಲ್ಯಾನ್‌ನಲ್ಲಿ ರಿಯಾಯಿತಿ ಸಿಕ್ಕರೂ ಮೊದಲ ವರ್ಷ ತಿಂಗಳ ಪ್ಲ್ಯಾನ್‌ನಲ್ಲೇ ಇರಿ ಅನ್ನುವುದು ನನ್ನ ಅಭಿಪ್ರಾಯ. ವರ್ಷದ ಹಣ ಕಾರ್ಡ್ ಇರುವವನ ಜೇಬಿನಿಂದ ಒಂದೇ ಸಲ ಹೋಗುತ್ತದೆ. 5ನೇ ತಿಂಗಳಲ್ಲಿ ಒಬ್ಬ ಮನೆ ಬಿಟ್ಟರೆ ಉಳಿದ 7 ತಿಂಗಳ ಪಾಲನ್ನು ಕೇಳುವುದು ಹೇಗೆ? ಅವನಿಗೆ ಆಗ ಆ ಸೇವೆಯೇ ಸಿಗುವುದಿಲ್ಲ.

ಮ್ಯಾನೇಜರ್ ಯಾರು ಆಗಬೇಕು?

ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ದಿನ ಇರುವವರು. ಹಣ ಇರುವವರು ಅಲ್ಲ, ತಾಂತ್ರಿಕವಾಗಿ ಚುರುಕಾದವರೂ ಅಲ್ಲ. ಕಾರಣ ಇಷ್ಟೇ: ಎಲ್ಲರ ವಿಳಾಸ ಹೋಲಿಕೆ ಆಗುವುದು ಮ್ಯಾನೇಜರ್‌ನ ವಿಳಾಸದ ಜೊತೆ. ಮ್ಯಾನೇಜರ್ ಮನೆ ಬದಲಿಸಿದರೆ ಉಳಿದವರೆಲ್ಲರೂ ಒಂದೇ ದಿನ "ಹೊರಗಿನವರು" ಆಗುತ್ತಾರೆ. ಮ್ಯಾನೇಜರ್ ಗುಂಪನ್ನು ಅಳಿಸಿದರೆ ಎಲ್ಲರ ಸೌಲಭ್ಯವೂ ಅಲ್ಲಿಗೇ ಮುಗಿಯಿತು.

ಗೂಗಲ್‌ನ ಫ್ಯಾಮಿಲಿ ಗ್ರೂಪಿನಲ್ಲಿ ಮ್ಯಾನೇಜರ್‌ಗೆ 18 ದಾಟಿರಬೇಕು, ಸದಸ್ಯರೆಲ್ಲರೂ ಅದೇ ದೇಶದವರಾಗಿರಬೇಕು. ಗುಂಪು ಮಾಡುವುದು, ಸದಸ್ಯರನ್ನು ನೋಡುವುದು ಎಲ್ಲ ಇಲ್ಲಿ:

```
families.google.com
```

ಆಹ್ವಾನ ಕಳಿಸುವ ಮೊದಲು

ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಫ್ಯಾಮಿಲಿ ಪ್ಲ್ಯಾನ್‌ನ ಒಳ್ಳೆಯ ಗುಣವೇ ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರುವುದು. ಒಂದೇ ಖಾತೆಯನ್ನು ನಾಲ್ಕು ಜನ ಬಳಸಿದರೆ ಒಟಿಪಿ ಯಾರ ಫೋನಿಗೋ ಹೋಗುತ್ತದೆ, ಅವನು ಆಗ ನಿದ್ದೆಯಲ್ಲಿರುತ್ತಾನೆ. ಜೊತೆಗೆ ಕಾರ್ಡ್ ವಿವರ ಇರುವ ಪುಟ ಎಲ್ಲರಿಗೂ ತೆರೆದಿರುತ್ತದೆ.

ಸೇರುವವರೆಲ್ಲ ತಮ್ಮ ತಮ್ಮ ಖಾತೆಯಲ್ಲಿ ಎರಡು ಸಂಗತಿ ನೋಡಿಕೊಳ್ಳಬೇಕು. ಅದೇ ಸೇವೆಗೆ ಒಬ್ಬರ ಪ್ಲ್ಯಾನ್ ಆಗಲೇ ಓಡುತ್ತಿದೆಯಾ? ಅದನ್ನು ಫೋನಿನ ಆಪ್ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ಅಲ್ಲಿಯೇ ಹೋಗಿ ರದ್ದು ಮಾಡಬೇಕು. ಇಲ್ಲದಿದ್ದರೆ ಎರಡು ಕಡೆ ಹಣ ಹೋಗುತ್ತಲೇ ಇರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವವರೆಗೆ ಗೊತ್ತೂ ಆಗುವುದಿಲ್ಲ.

ಎರಡನೆಯದು ಜಾಸ್ತಿ ಮುಖ್ಯ: ಬೇರೆ ಯಾವುದಾದರೂ ಫ್ಯಾಮಿಲಿ ಗ್ರೂಪಿನಲ್ಲಿ ಅವರು ಇದ್ದಾರಾ? ಬಹಳ ಜನರಿಗೆ ಇದು ನೆನಪೇ ಇರುವುದಿಲ್ಲ. ಎಂದೋ ಮನೆಯಲ್ಲಿ ಸ್ಟೋರೇಜ್‌ಗೆ ಅಂತ ಅಕ್ಕ ಸೇರಿಸಿರುತ್ತಾರೆ. ಒಂದು ಗೂಗಲ್ ಖಾತೆ ಒಂದು ಸಮಯಕ್ಕೆ ಒಂದೇ ಗುಂಪಿನಲ್ಲಿ ಇರಬಹುದು, ಮತ್ತು 12 ತಿಂಗಳಲ್ಲಿ ಒಂದೇ ಸಲ ಗುಂಪು ಬದಲಿಸಬಹುದು. ಅಂದರೆ ಹಾಡು ಕೇಳಲು ನಿಮ್ಮ ಗುಂಪಿಗೆ ಬಂದವರು ಅಕ್ಕನ ಸ್ಟೋರೇಜ್ ಕಳೆದುಕೊಳ್ಳುತ್ತಾರೆ. ಮಾರನೇ ವಾರ ಮನಸ್ಸು ಬದಲಿಸಿದರೂ ಹಿಂದಕ್ಕೆ ಹೋಗಲು ಆಗುವುದಿಲ್ಲ. ಸ್ಪಾಟಿಫೈನಲ್ಲೂ ಫ್ಯಾಮಿಲಿ ಬದಲಿಸಲು 12 ತಿಂಗಳ ಇದೇ ಅಂತರ ಇದೆ. ಆಟಗಳ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಇನ್ನೂ ಬಿಗಿ. ಗುಂಪು ಬಿಟ್ಟ ವಯಸ್ಕರು ತಾವು ಸೇರಿದ ದಿನದಿಂದ ಒಂದು ವರ್ಷ ಕಾಯಬೇಕು, ಅವರು ಖಾಲಿ ಮಾಡಿದ ಸೀಟು ಕೂಡ ಅಷ್ಟೇ ಕಾಲ ಸುಮ್ಮನೆ ಬಿದ್ದಿರುತ್ತದೆ. ಅಲ್ಲಿ ಇನ್ನೊಂದು ಅಪಾಯವೂ ಇದೆ. ನಿಮ್ಮ ಆಟದ ಪ್ರತಿಯಲ್ಲಿ ಗೆಳೆಯ ಮೋಸ ಮಾಡಿ ಸಿಕ್ಕಿಬಿದ್ದರೆ ಆ ಆಟದಿಂದ ನಿಮಗೂ ನಿಷೇಧ.

ಈಗ ವಿಳಾಸ. ನಮ್ಮ ಮನೆಯಲ್ಲಿ ಇದಕ್ಕೇ ಎರಡು ಸಂಜೆ ಹಾಳಾದವು. ಅದೊಂದು ಸಂಗೀತ ಸೇವೆ, ಮ್ಯಾನೇಜರ್ ನಾನು. ಹಾಲ್‌ನಲ್ಲಿ ಮಲಗುವವನು ಒಂದೇ ಸಲಕ್ಕೆ ಸೇರಿಕೊಂಡ. ಮೇಲಿನ ರೂಮಿನವನು ಲಿಂಕ್ ಒತ್ತಿ ವಿಳಾಸ ಟೈಪ್ ಮಾಡಿದರೆ "ವಿಳಾಸ ಹೊಂದುತ್ತಿಲ್ಲ" ಅಂತ ಬಂತು. ಮತ್ತೆ ಮಾಡಿದ, ಮತ್ತೆ ಅದೇ. ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ನಾನು ಮನೆ ನಂಬರನ್ನು ಮೊದಲ ಸಾಲಿನಲ್ಲಿ ಹಾಕಿದ್ದೆ, ಅವನು ಎರಡನೇ ಸಾಲಿನಲ್ಲಿ ಹಾಕಿ ಮುಂದೆ "ಮಹಡಿ ಮೇಲೆ" ಅಂತಲೂ ಸೇರಿಸಿದ್ದ. ಮನೆ ಒಂದೇ, ಬಾಗಿಲು ಒಂದೇ, ಅಕ್ಷರ ಮಾತ್ರ ಬೇರೆ. ಕಂಪ್ಯೂಟರ್‌ಗೆ ಅಕ್ಷರವೇ ಮನೆ.

ಅದಾದ ಮೇಲೆ ನಾನು ಮಾಡುವುದು ಹೀಗೆ. ಮೊದಲು ಮ್ಯಾನೇಜರ್ ವಿಳಾಸ ತುಂಬುತ್ತಾರೆ. ಸೇವೆ ತೋರಿಸುವ ಸಲಹೆಗಳ ಪಟ್ಟಿಯಿಂದಲೇ ಆರಿಸಿಕೊಳ್ಳುತ್ತಾರೆ, ಕೈಯಿಂದ ಟೈಪ್ ಮಾಡುವುದಿಲ್ಲ. ಉಳಿದವರೂ ಅದೇ ಪಟ್ಟಿಯಿಂದ ಅದನ್ನೇ ಆರಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಮ್ಯಾನೇಜರ್ ತುಂಬಿದ್ದನ್ನು ಕಾಪಿ ಮಾಡಿ ಗ್ರೂಪಿಗೆ ಕಳಿಸುತ್ತಾರೆ. ಎಲ್ಲರೂ ಮನೆಯ ವೈಫೈನಲ್ಲಿ ಇರುವಾಗಲೇ, ಒಂದೇ ಸಂಜೆ ಸೇರುತ್ತಾರೆ. ವಿಪಿಎನ್ ಆನ್ ಇದ್ದರೆ ಆಫ್ ಮಾಡಿ. ದೇಶವೇ ಬೇರೆ ಕಂಡರೆ ಆಹ್ವಾನ ಅಲ್ಲೇ ನಿಲ್ಲುತ್ತದೆ.

ಸೇರಿದ ದಿನವೇ ಮುಚ್ಚಬೇಕಾದ ಎರಡು ಬಾಗಿಲು

ಮೊದಲನೆಯದು ಕಾರ್ಡ್. ಕೆಲವು ಫ್ಯಾಮಿಲಿ ಗ್ರೂಪುಗಳು ಬರೀ ಪ್ಲ್ಯಾನನ್ನಲ್ಲ, ಮ್ಯಾನೇಜರ್‌ನ ಪಾವತಿ ವಿಧಾನವನ್ನೂ ಹಂಚಿಬಿಡುತ್ತವೆ. ಆಪಲ್‌ನ ಫ್ಯಾಮಿಲಿ ಶೇರಿಂಗ್‌ನಲ್ಲಿ `Purchase Sharing` ಆನ್ ಇದ್ದರೆ ಸದಸ್ಯರು ಕೊಳ್ಳುವ ಆಪ್ ಮತ್ತು ಆಟದ ಹಣ ಗುಂಪು ಮಾಡಿದವರ ಕಾರ್ಡಿನಿಂದ ಹೋಗಬಹುದು. ಮಕ್ಕಳಿಗಾದರೆ "ಕೇಳಿ ಕೊಳ್ಳಿ" ಅಂತ ತಡೆ ಹಾಕಬಹುದು, ದೊಡ್ಡವರಿಗೆ ಹಾಕಲು ಬರುವುದಿಲ್ಲ. ಗೆಳೆಯರ ಮನೆಗೆ ಇದು ಆಫ್ ಇರಲಿ. ಗೂಗಲ್ ಪ್ಲೇನಲ್ಲಿ ಫ್ಯಾಮಿಲಿ ಪಾವತಿ ವಿಧಾನವನ್ನು ಇಡಲೇಬೇಡಿ. ಇಟ್ಟಾಗಿದ್ದರೆ ಪ್ರತಿ ಸದಸ್ಯರಿಗೂ ಖರೀದಿಗೆ ಮ್ಯಾನೇಜರ್ ಒಪ್ಪಿಗೆ ಬೇಕು ಅಂತ ಮಾಡಿ.

ಎರಡನೆಯದು ಸ್ಟೋರೇಜ್. ಗೂಗಲ್ ಒನ್‌ನಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮ ಸ್ವಂತ 15 ಜಿಬಿ ಮುಗಿಸುತ್ತಾರೆ, ಆಮೇಲೆ ಎಲ್ಲರಿಗೂ ಸೇರಿದ ಜಾಗಕ್ಕೆ ಕೈ ಹಾಕುತ್ತಾರೆ. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣುವುದಿಲ್ಲ, ಯಾರು ಎಷ್ಟು ಬಳಸಿದ್ದಾರೆ ಅನ್ನುವುದು ಮಾತ್ರ ಮ್ಯಾನೇಜರ್‌ಗೆ ಕಾಣುತ್ತದೆ. ಆದರೆ ಸೇರಿದ ಜಾಗಕ್ಕೆ ಗೋಡೆ ಇಲ್ಲ. ವಿಡಿಯೋ ಹುಚ್ಚಿರುವ ಒಬ್ಬನೇ ಎಲ್ಲವನ್ನೂ ತುಂಬಿಬಿಡಬಹುದು. ಅದಕ್ಕೇ ಗೆಳೆಯರ ನಡುವೆ ಸ್ಟೋರೇಜ್ ಹಂಚಿಕೊಳ್ಳುವುದು ನನಗೆ ಇಷ್ಟವಿಲ್ಲ. ಬಿಡುವಾಗ ಅದರ ಕಷ್ಟ ಇನ್ನೂ ಜಾಸ್ತಿ. ಗುಂಪಿನಿಂದ ಹೊರಬಂದವನ ಬಳಿ 60 ಜಿಬಿ ಇದ್ದರೆ ಅವನ ಮಿತಿ ಮತ್ತೆ 15ಕ್ಕೆ ಇಳಿಯುತ್ತದೆ. ಹೊಸ ಫೋಟೋ ಹೋಗುವುದಿಲ್ಲ, ಜಿಮೇಲ್‌ಗೆ ಹೊಸ ಪತ್ರವೂ ಬರುವುದಿಲ್ಲ. ಹಾಗೇ 2 ವರ್ಷ ಬಿಟ್ಟರೆ ಇರುವುದನ್ನೇ ಅಳಿಸುವ ಹಕ್ಕು ಗೂಗಲ್‌ಗಿದೆ. ಮೈಕ್ರೋಸಾಫ್ಟ್ 365 ಫ್ಯಾಮಿಲಿಯಲ್ಲಿ ಈ ಜಗಳ ಇಲ್ಲ. 6 ಜನರಿಗೂ ತಲೆಗೆ 1 ಟಿಬಿ ಬೇರೆ ಬೇರೆಯಾಗಿಯೇ ಸಿಗುತ್ತದೆ.

ಹಣ ಎತ್ತುವುದು

ಬಿಲ್ ಕಡಿತವಾಗುವ ದಿನಕ್ಕೆ 3 ದಿನ ಮೊದಲು ಎಲ್ಲರ ಪಾಲು ಬಂದಿರಬೇಕು. ಕಡಿತವಾದ ಮೇಲೆ ಕೇಳಿದರೆ ಅದು ಸಾಲ ವಸೂಲಿ ಆಗುತ್ತದೆ, ಮೊದಲು ಕೇಳಿದರೆ ಬಿಲ್ ಆಗುತ್ತದೆ. ನಾವು ಸೇರುವಾಗಲೇ ತಲೆಗೆ ಒಂದು ತಿಂಗಳ ಪಾಲನ್ನು ಮುಂಗಡವಾಗಿ ಎತ್ತಿಟ್ಟೆವು. ಯಾರಾದರೂ ತಪ್ಪಿಸಿದರೆ ಅದರಿಂದ ಕಟ್ಟುವುದು, ಬಿಡುವಾಗ ಉಳಿದಿದ್ದರೆ ವಾಪಸ್. ಮ್ಯಾನೇಜರ್ ತನ್ನ ಪಾಲನ್ನೂ ಕೊಡಬೇಕು. ಕಾರ್ಡ್ ನನ್ನದು ಅಂತ ಬಿಟ್ಟಿ ಕೂರುವ ಹಾಗಿಲ್ಲ.

ಮತ್ತೊಂದು ಗೆರೆ ದಾಟಬೇಡಿ. ಖಾಲಿ ಸೀಟನ್ನು ಆನ್‌ಲೈನ್‌ನಲ್ಲಿ ಗೊತ್ತಿಲ್ಲದವರಿಗೆ ಮಾರುವುದು ಖರ್ಚು ಹಂಚಿಕೊಳ್ಳುವುದಲ್ಲ, ಅದು ಮಾರಾಟ. ಕೊಳ್ಳುವವರಿಗೂ ನಷ್ಟ. ಸೀಟು ಒಂದೇ ತಿಂಗಳಲ್ಲಿ ಮುಚ್ಚಿಹೋದರೆ ಹಣ ಹೋಯಿತು, 12 ತಿಂಗಳ ಬದಲಾವಣೆಯ ಅವಕಾಶವೂ ಹೋಯಿತು.

ಒಬ್ಬ ಮನೆ ಬಿಟ್ಟಾಗ

ನಮ್ಮಲ್ಲಿ 5ನೇ ತಿಂಗಳು ಮೇಲಿನ ರೂಮಿನವನು ಕೆಲಸ ಬದಲಿಸಿ ಹೊರಟ. "ಇರಲಿ ಬಿಡೋ, ನಾನು ದುಡ್ಡು ಕಳಿಸ್ತೀನಿ, ನನ್ನ ಹೆಸರು ತೆಗೀಬೇಡ" ಅಂದ. ಎಲ್ಲರೂ ಹೀಗೇ ಅನ್ನುತ್ತಾರೆ, ಅಲ್ವಾ? ಒಪ್ಪಿಕೊಳ್ಳುವುದು ಸುಲಭವೂ ಹೌದು. ನಾನು ಒಪ್ಪಲಿಲ್ಲ. ಅವನು ಇನ್ನು ಆ ಮನೆಯವನಲ್ಲ, ನಿಯಮ ಅಷ್ಟೇ. ಪರಿಶೀಲನೆ ಬಂದರೆ ಉತ್ತರ ಕೊಡಬೇಕಾದವನು ನಾನು, ಪ್ಲ್ಯಾನ್ ನಿಂತರೆ ಉಳಿದಿಬ್ಬರಿಗೂ ನಿಲ್ಲುತ್ತದೆ.

ಆದರೆ ಅವತ್ತೇ ತೆಗೆಯಲಿಲ್ಲ. ಬಿಲ್ ಆದ ತಿಂಗಳ ಕೊನೆಯವರೆಗೆ ಅವನು ಇನ್ನೂ ಮನೆಯಲ್ಲೇ ಇದ್ದ, ಅಲ್ಲಿಯವರೆಗೆ ಬಿಟ್ಟೆವು. ಹೊರಡುವ ಹಿಂದಿನ ದಿನ ಕೂತು ಅವನ ಖಾತೆ ನೋಡಿದೆವು. ಸಂಗೀತ ಸೇವೆಯಲ್ಲಿ ಪ್ಲೇಲಿಸ್ಟ್ ಅವನ ಸ್ವಂತ ಖಾತೆಯದು, ಹಾಗೇ ಉಳಿಯುತ್ತದೆ. ಡೌನ್‌ಲೋಡ್ ಮಾಡಿದ್ದು ಮಾತ್ರ ಉಚಿತ ಪ್ಲ್ಯಾನ್‌ಗೆ ಇಳಿದಾಗ ಹೋಗುತ್ತದೆ. ಮುಂಗಡದ 150 ವಾಪಸ್ ಕೊಟ್ಟೆವು. ಮುಂದಿನ ತಿಂಗಳಿಂದ ಮೂವರಿಗೆ ತಲೆಗೆ 200 ಆಯಿತು.

8ನೇ ತಿಂಗಳು ಇನ್ನೊಬ್ಬನೂ ಹೊರಟ. ಆಗ "ಇಬ್ಬರು ಹೋದರೆ ಮುಚ್ಚುವುದು" ಅನ್ನುವ ಸಾಲು ಕೆಲಸಕ್ಕೆ ಬಂತು. ಉಳಿದವನು "ಹೊಸಬರು ಬರೋವರೆಗೂ ನೀನೇ ಕಟ್ಟು" ಅನ್ನಲು ಬಾಯಿ ತೆರೆದ, ಗ್ರೂಪಿನ ಹಳೆಯ ಮೆಸೇಜ್ ನೋಡಿ ಸುಮ್ಮನಾದ. ಪ್ಲ್ಯಾನ್ ರದ್ದು ಮಾಡಿ ಇಬ್ಬರೂ 240ರ ಪ್ಲ್ಯಾನ್‌ಗೆ ಹೋದೆವು. ಕೆಲವು ಸೇವೆಗಳಲ್ಲಿ ಒಂದೇ ವಿಳಾಸದ ಇಬ್ಬರಿಗೆ ಅಂತಲೇ ಜೋಡಿ ಪ್ಲ್ಯಾನ್ ಇರುತ್ತದೆ, ಸ್ಪಾಟಿಫೈನ ಡುಯೋ ಅಂಥದ್ದು. ಇಬ್ಬರೇ ಉಳಿದಾಗ ಮೊದಲು ಅದನ್ನು ನೋಡಿ.

ಬೇರೆ ಬೇರೆ ಮನೆಯಲ್ಲಿದ್ದರೆ

ವಿಡಿಯೋ ಸೇವೆಗಳಲ್ಲಿ "ಎಕ್ಸ್‌ಟ್ರಾ ಮೆಂಬರ್" ಅನ್ನುವ ದಾರಿ ಇದೆಯಾ ನೋಡಿ. ನೆಟ್‌ಫ್ಲಿಕ್ಸ್ ಮತ್ತು ಡಿಸ್ನಿ ಪ್ಲಸ್ ಕೆಲವು ದೇಶಗಳಲ್ಲಿ, ಕೆಲವು ಪ್ಲ್ಯಾನ್‌ಗಳಲ್ಲಿ ಇದನ್ನು ಕೊಡುತ್ತವೆ. ನೆಟ್‌ಫ್ಲಿಕ್ಸ್‌ನಲ್ಲಿ ಹೊರಗಿರುವ ಗೆಳೆಯನಿಗೆ ಸ್ವಂತ ಖಾತೆ, ಸ್ವಂತ ಪಾಸ್‌ವರ್ಡ್ ಸಿಗುತ್ತದೆ. ಬಿಲ್ ನಿಮಗೆ ಬರುತ್ತದೆ. ಅವನು ನಿಮ್ಮ ದೇಶದಲ್ಲೇ ಇರಬೇಕು, ಒಂದು ಸಲಕ್ಕೆ ಒಂದೇ ಸಾಧನದಲ್ಲಿ ನೋಡಬಹುದು. ಇದು ಅಗ್ಗವಲ್ಲ. ಮೇಲಿನ ಭಾಗಾಕಾರವನ್ನು ಇದಕ್ಕೂ ಮಾಡಿ, ಅವನೇ ಕಡಿಮೆ ಬೆಲೆಯ ಪ್ಲ್ಯಾನ್ ತೆಗೆದುಕೊಂಡರೆ ಎಷ್ಟಾಗುತ್ತದೆ ಅಂತ ಹೋಲಿಸಿ.

ಸುಳ್ಳು ವಿಳಾಸ ಕೊಟ್ಟು ಸೇರಿಸುವುದು, ತಿಂಗಳಿಗೊಮ್ಮೆ ಬಂದು ಮನೆಯ ವೈಫೈ ಮುಟ್ಟಿ ಹೋಗುವುದು, ಇವನ್ನೆಲ್ಲ ಕೇಳಿದ್ದೇನೆ. ನೆಟ್‌ಫ್ಲಿಕ್ಸ್ ಐಪಿ ವಿಳಾಸ, ಸಾಧನದ ಗುರುತು, ಖಾತೆಯ ಚಟುವಟಿಕೆ ಮೂರನ್ನೂ ಸೇರಿಸಿ ನೋಡುತ್ತದೆ. ವೈಫೈ ಒಂದನ್ನೇ ಅಲ್ಲ.

ನೋಟಿಸ್ ಬಂದರೆ

ನಿಜವಾಗಿ ಒಂದೇ ಮನೆಯಲ್ಲಿದ್ದರೂ ತಪ್ಪಾಗಿ ನೋಟಿಸ್ ಬರಬಹುದು. ಮನೆಯ ಇಂಟರ್ನೆಟ್ ಬಿಟ್ಟು ಸದಾ ಮೊಬೈಲ್ ಡೇಟಾದಲ್ಲೇ ಇರುವವನು, ತಿಂಗಳುಗಟ್ಟಲೆ ಪ್ರವಾಸದಲ್ಲಿರುವವನು, ಆಫೀಸಿನ ವಿಪಿಎನ್ ಹಿಂದೆ ಕೂರುವವನು ಬೇರೆ ಮನೆಯವನಂತೆ ಕಾಣಬಹುದು.

ಇಮೇಲ್‌ನಲ್ಲಿರುವ ಲಿಂಕ್ ಒತ್ತುವ ಮೊದಲು ಖಾತೆಯ ಪುಟವನ್ನು ನೀವೇ ತೆರೆದು ಅಲ್ಲಿಯೂ ಅದೇ ಸೂಚನೆ ಇದೆಯಾ ನೋಡಿ. ಇಂಥ ನೋಟಿಸ್ ಹೆಸರಿನಲ್ಲಿ ಕಾರ್ಡ್ ವಿವರ ಕದಿಯುವ ಇಮೇಲ್‌ಗಳೂ ಬರುತ್ತವೆ. ನಿಜ ಅಂತ ಆದರೆ ನೋಟಿಸ್ ಬಂದವರು ಮನೆಯ ವೈಫೈನಲ್ಲಿ ಕೂತು ಒಮ್ಮೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಲಿ, ವಿಳಾಸ ಕೇಳಿದರೆ ಮ್ಯಾನೇಜರ್ ಆರಿಸಿದ ಸಾಲನ್ನೇ ಆರಿಸಲಿ. ನೆಟ್‌ಫ್ಲಿಕ್ಸ್ ಆದರೆ ಮನೆಯ ಟಿವಿಯಿಂದಲೇ ಹೌಸ್‌ಹೋಲ್ಡ್ ಅಪ್‌ಡೇಟ್ ಮಾಡಬೇಕು, ಪ್ರವಾಸದಲ್ಲಿರುವವರಿಗೆ ತಾತ್ಕಾಲಿಕ ಕೋಡ್ ಇದೆ. ಆ ಕೋಡ್ ಖಾತೆದಾರರ ಇಮೇಲ್ ಅಥವಾ ಫೋನಿಗೆ ಬರುತ್ತದೆ, 15 ನಿಮಿಷದೊಳಗೆ ಹಾಕಬೇಕು. ಆದ್ದರಿಂದ ಕೋಡ್ ಕೇಳುವ ಮೊದಲು ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ, ಅವರು ಎಚ್ಚರ ಇದ್ದಾರಾ ಅಂತ ನೋಡಿಕೊಳ್ಳಿ.

ಇದೆಲ್ಲ ಮಾಡಿಯೂ ನೋಟಿಸ್ ಹೋಗದಿದ್ದರೆ ಸಹಾಯ ವಿಭಾಗಕ್ಕೆ ಬರೆಯುವುದೊಂದೇ ದಾರಿ. ನೋಟಿಸ್ ಬಂದವರು ಮ್ಯಾನೇಜರ್ ಹೆಸರಿನಲ್ಲಿ ಬರೆಯಬಾರದು, ತಮ್ಮ ಖಾತೆಯಿಂದಲೇ ಬರೆಯಬೇಕು. ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಿ. ಅವರು ಕೇಳಿದರೆ ಮಾತ್ರ ಕೊಡಿ, ಖಾತೆ ಪುಟದಿಂದ ತೆರೆದ ಸಹಾಯದ ಕಿಟಕಿಯಲ್ಲಿ ಮಾತ್ರ ಕೊಡಿ.